ಜಂಬೂಸವಾರಿಯ ಹಿಂದಿನ ದಿನ ಎರಡು ಕೋಣೆ ಕಡಿಮೆ: ಅತಿಥಿಯನ್ನು ಬೇರೆ ಹೋಟೆಲ್‌ಗೆ ಕಳುಹಿಸುವ ಮಾತು ಹೇಗಿರಬೇಕು ಎಂಬ ಪ್ರಕರಣ ಅಧ್ಯಯನ

ಮೈಸೂರು ಅರಮನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿರುವ, 48 ಕೋಣೆಗಳ ಒಂದು ಮಧ್ಯಮ ದರ್ಜೆಯ ಹೋಟೆಲ್‌ನಲ್ಲಿ ಆಯುಧಪೂಜೆಯ ದಿನ ನಡೆದ ಪ್ರಸಂಗವಿದು. ಹೋಟೆಲ್‌ನ ಹೆಸರನ್ನೂ ಅಲ್ಲಿದ್ದವರ ಹೆಸರನ್ನೂ ಬಿಟ್ಟಿದ್ದೇನೆ. ಸ್ವಾಗತ ವಿಭಾಗದ ಸಿಬ್ಬಂದಿಗೆ ತರಬೇತಿ ಕೊಡುವಾಗ ನಾನು ಈ ಪ್ರಕರಣವನ್ನು ಮತ್ತೆ ಮತ್ತೆ ಬಳಸುತ್ತೇನೆ. ಕಾರಣ, ಇಲ್ಲಿ ಒಂದೇ ಸುದ್ದಿಯನ್ನು ಒಬ್ಬರೇ ಅತಿಥಿಗೆ ಇಪ್ಪತ್ತು ನಿಮಿಷಗಳ ಅಂತರದಲ್ಲಿ ಇಬ್ಬರು ಎರಡು ರೀತಿಯಲ್ಲಿ ಹೇಳಿದರು, ಮತ್ತು ಆ ಎರಡು ಮಾತುಗಳ ಫಲವೂ ನಮ್ಮ ಮುಂದಿದೆ.

ಆ ಹೋಟೆಲ್ ಇರುವ ಕೋಣೆಗಳಿಗಿಂತ ಒಂದು ಹೆಚ್ಚು ಬುಕಿಂಗ್ ತೆಗೆದುಕೊಳ್ಳುವ ರೂಢಿ ಇಟ್ಟುಕೊಂಡಿತ್ತು. ಬುಕ್ ಮಾಡಿದವರಲ್ಲಿ ಒಬ್ಬರಾದರೂ ಬರುವುದಿಲ್ಲ, ಆ ಕೋಣೆ ಖಾಲಿ ಉಳಿದು ನಷ್ಟವಾಗುವುದು ಬೇಡ ಎಂಬ ಲೆಕ್ಕಾಚಾರ ಅದು. ವ್ಯಾಪಾರದಲ್ಲಿ ಎಲ್ಲರೂ ಮಾಡುವಂಥದ್ದೇ, ಸಾಮಾನ್ಯ ದಿನಗಳಲ್ಲಿ ಸರಿಹೋಗುವಂಥದ್ದೇ. ದಸರೆಯ ಕೊನೆಯ ಎರಡು ದಿನಗಳಲ್ಲಿ ಮಾತ್ರ ಅದು ಸರಿಹೋಗುವುದಿಲ್ಲ, ಏಕೆಂದರೆ ಊರಿನಲ್ಲಿ ಬೇರೆ ಕೋಣೆ ಸಿಗದು ಎಂದು ಗೊತ್ತಿರುವವರು ಬುಕಿಂಗ್ ಬಿಟ್ಟುಕೊಡುವುದಿಲ್ಲ. ಆ ದಿನ 27 ಕೋಣೆಗಳಲ್ಲಿ ಮೊದಲೇ ಬಂದವರು ಉಳಿದಿದ್ದರು, 22 ಕೋಣೆಗಳಿಗೆ ಹೊಸಬರು ಬರಬೇಕಿತ್ತು, ಒಟ್ಟು 49. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎರಡನೆಯ ಮಹಡಿಯ ಒಂದು ಬಚ್ಚಲಿನ ಪೈಪ್ ಒಡೆದು ನೀರು ಹಾಸಿಗೆಯವರೆಗೆ ಹರಿದುದರಿಂದ ಆ ಕೋಣೆಯನ್ನು ಮುಚ್ಚಬೇಕಾಯಿತು. ಉಳಿದದ್ದು 47. ಮಧ್ಯಾಹ್ನ ಮೂರಕ್ಕೆ ಡ್ಯೂಟಿ ಮ್ಯಾನೇಜರ್ ಅರೈವಲ್ ಲಿಸ್ಟ್ ಹಿಡಿದು ಕುಳಿತಾಗ ಇಬ್ಬರನ್ನು ಬೇರೆಡೆಗೆ ಕಳುಹಿಸದೆ ಗತ್ಯಂತರವಿಲ್ಲ ಎಂಬುದು ಖಚಿತವಾಗಿತ್ತು.

ಅವರು ಮೊದಲು ಮಾಡಿದ ಕೆಲಸ ಸರಿಯಾದದ್ದು. ಯಾವ ಅತಿಥಿಗೂ ಫೋನ್ ಮಾಡುವ ಮುನ್ನ, ಅರಮನೆಯಿಂದ ಸುಮಾರು ಮೂರು ಕಿಲೋಮೀಟರ್ ದೂರದ ಯಾದವಗಿರಿಯಲ್ಲಿ, ತಮ್ಮ ಹೋಟೆಲ್‌ಗಿಂತ ಒಂದು ಮೆಟ್ಟಿಲು ಮೇಲಿನ ದರ್ಜೆಯ ಹೋಟೆಲೊಂದರಲ್ಲಿ ಎರಡು ಕೋಣೆ ಹಿಡಿದರು. ಎರಡೂ ನೆಲಮಹಡಿಯವು, ತೆರಿಗೆ ಸೇರಿ ರಾತ್ರಿಗೆ 6,500 ರೂಪಾಯಿ. ಕೋಣೆಯ ಸಂಖ್ಯೆ, ಹಾಸಿಗೆಗಳೆಷ್ಟು, ಯಾವ ಹೊತ್ತಿನವರೆಗೆ ಕಾಯ್ದಿರಿಸುತ್ತಾರೆ, ರಾತ್ರಿ ಕೌಂಟರ್‌ನಲ್ಲಿ ಯಾರಿರುತ್ತಾರೆ ಎಂಬುದನ್ನೆಲ್ಲ ಕೇಳಿ ಬರೆದುಕೊಂಡರು, ಬಿಲ್ ತಮಗೇ ಕಳುಹಿಸಬೇಕೆಂದು ಇಮೇಲ್ ಹಾಕಿದರು. ಇಷ್ಟು ಕೈಯಲ್ಲಿಲ್ಲದೆ ಅತಿಥಿಯ ಜೊತೆ ಮಾತಿಗೆ ಕುಳಿತರೆ, ಅವರ ಮೊದಲ ಪ್ರಶ್ನೆಗೇ "ವಿಚಾರಿಸಿ ಹೇಳ್ತೀವಿ ಸರ್" ಎನ್ನಬೇಕಾಗುತ್ತದೆ. ಅದಾದ ಮೇಲೆ ಎಷ್ಟು ಒಳ್ಳೆಯ ಮಾತಾಡಿದರೂ ಅದು ಮೇಲೇಳುವುದಿಲ್ಲ.

ಯಾರನ್ನು ಕಳುಹಿಸಬೇಕು ಎಂಬ ಆಯ್ಕೆಯನ್ನೂ ಅವರು ಯೋಚಿಸಿಯೇ ಮಾಡಿದ್ದರು. ಬಹಳ ಕಡೆ ಕೊನೆಗೆ ಬಂದವರಿಗೆ ಕೋಣೆಯಿಲ್ಲ ಎನ್ನುವುದೇ ನಿಯಮವಾಗಿಬಿಟ್ಟಿದೆ. ಕೊನೆಗೆ ಬರುವವರೆಂದರೆ ದೂರದಿಂದ ಬರುವವರು, ಎಲ್ಲರಿಗಿಂತ ದಣಿದವರು. ಅಂಥವರಿಗೆ ಕೌಂಟರ್ ಮುಂದೆ, ಉಳಿದವರು ಕೀಲಿ ತೆಗೆದುಕೊಂಡು ಲಿಫ್ಟ್ ಹತ್ತುವುದನ್ನು ನೋಡುತ್ತಾ ನಿಂತಿರುವಾಗ ಈ ಸುದ್ದಿ ಹೇಳಿದರೆ ಯಾವ ಮಾತೂ ಕೆಲಸ ಮಾಡುವುದಿಲ್ಲ. ಇಲ್ಲಿ ಮ್ಯಾನೇಜರ್ ಗುರುತು ಹಾಕಿದ್ದು ಒಂದೇ ರಾತ್ರಿಗೆ, ಒಬ್ಬೊಬ್ಬರೇ, ಕೆಲಸದ ಮೇಲೆ ಬರುತ್ತಿದ್ದ ಇಬ್ಬರನ್ನು. ಮೊದಲನೆಯವರು ಔಷಧ ಕಂಪನಿಯ ಪ್ರತಿನಿಧಿ. ಫೋನ್‌ನಲ್ಲಿ ಎರಡೇ ನಿಮಿಷದಲ್ಲಿ ಒಪ್ಪಿದರು. ಎರಡನೆಯವರು ಫೋನ್ ಎತ್ತಲಿಲ್ಲ. ಮೂರು ಮುಕ್ಕಾಲಿಗೆ ಅವರೇ ನೇರವಾಗಿ ಬಂದು ನಿಂತಾಗ, ಮ್ಯಾನೇಜರ್ ಹಾಕಿದ್ದ ಗುರುತಿನ ವಿಷಯ ತಿಳಿಯದಿದ್ದ ಕೌಂಟರ್‌ನ ಹುಡುಗ ಕೀಲಿ ಕೊಟ್ಟು ಮೇಲೆ ಕಳುಹಿಸಿಬಿಟ್ಟ. ಗುರುತು ಕಾಗದದ ಮೇಲಿತ್ತು, ಕಂಪ್ಯೂಟರ್‌ನಲ್ಲಿ ಇರಲಿಲ್ಲ, ಅಷ್ಟೇ ಆದದ್ದು.

ನಾಲ್ಕೂಕಾಲಿಗೆ ಇನ್ನೂ ಬರಬೇಕಾದವರಲ್ಲಿ ಉಳಿದದ್ದು ನಾಲ್ಕು ಕೋಣೆಗಳ ಒಂದು ಗುಂಪು, ಐದು ರಾತ್ರಿಗೆ ಬರುತ್ತಿದ್ದ ಒಬ್ಬರು ಹಳೆಯ ಗಿರಾಕಿ, ಮತ್ತು ಧಾರವಾಡದಿಂದ ಕಾರಿನಲ್ಲಿ ಬರುತ್ತಿದ್ದ ಒಂದು ಕುಟುಂಬ: ಗಂಡ, ಹೆಂಡತಿ, ಹತ್ತು ವರ್ಷದ ಮಗ, ಮೊಣಕಾಲು ನೋವಿನ ವಯಸ್ಸಾದ ತಾಯಿ. ಒಂದು ಕೋಣೆ, ಒಂದು ಎಕ್ಸ್‌ಟ್ರಾ ಬೆಡ್, ಎರಡು ರಾತ್ರಿ. ರಾತ್ರಿಗೆ 4,800ರಂತೆ 9,600 ರೂಪಾಯಿ ಬುಕಿಂಗ್ ಸೈಟ್ ಮೂಲಕ ಮುಂಗಡವಾಗಿಯೇ ಸಂದಾಯವಾಗಿತ್ತು. ಮ್ಯಾನೇಜರ್ ಈ ಕುಟುಂಬವನ್ನು ಆರಿಸಿದರು. ನಾನಾಗಿದ್ದರೆ ಹಳೆಯ ಗಿರಾಕಿಯನ್ನು ಮೊದಲು ಕೇಳುತ್ತಿದ್ದೆ. ವರ್ಷಕ್ಕೆ ಐದಾರು ಸಲ ಬರುವವರಿಗೆ "ಇವತ್ತೊಂದು ರಾತ್ರಿ ನಮಗೊಂದು ಉಪಕಾರ ಮಾಡ್ತೀರಾ" ಎಂದು ಕೇಳಬಹುದು. ಮೊದಲ ಬಾರಿ ಬರುವವರ ಬಳಿ ಹಾಗೆ ಕೇಳುವ ಸಲಿಗೆ ನಮಗಿರುವುದಿಲ್ಲ. ಆದರೆ ಗಿರಾಕಿಯನ್ನು ಕಳೆದುಕೊಳ್ಳುವ ಭಯದಲ್ಲಿ ಹೋಟೆಲ್‌ನವರು ಇದಕ್ಕೆ ವಿರುದ್ಧವಾಗಿಯೇ ನಡೆಯುವುದು ಹೆಚ್ಚು.

ಮೊದಲ ಕರೆ

ಕೌಂಟರ್ ಹಿಂದೆ ಆಗಷ್ಟೇ ಆಯುಧಪೂಜೆ ಮುಗಿದಿತ್ತು. ಕಂಪ್ಯೂಟರ್‌ಗೂ ಕೀಲಿಗಳ ಹಲಗೆಗೂ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟಿದ್ದರು, ಮ್ಯಾನೇಜರ್ ಹೊರಗೆ ಗಾಡಿಗಳ ಪೂಜೆಯಲ್ಲಿದ್ದರು. ಅವರು ಬರುವವರೆಗೆ ಕಾಯುವುದು ಬೇಡವೆಂದು ಸ್ವಾಗತ ವಿಭಾಗದ ಯುವತಿ ತಾನೇ ಫೋನ್ ಹಚ್ಚಿದಳು. ಅವಳು ಹೇಳಿದ್ದು ಇದು:

"ನಮಸ್ತೆ ಸರ್, ಮೈಸೂರಿನ ಹೋಟೆಲ್‌ನಿಂದ ಮಾತಾಡ್ತಿರೋದು. ಒಂದು ಸಣ್ಣ ಪ್ರಾಬ್ಲಮ್ ಆಗಿದೆ ಸರ್. ದಸರಾ ರಶ್ ಅಲ್ವಾ, ಓವರ್‌ಬುಕಿಂಗ್ ಆಗಿದೆ. ನಿಮ್ಮ ಬುಕಿಂಗನ್ನ ನಮ್ಮ ಇನ್ನೊಂದು ಹೋಟೆಲ್‌ಗೆ ಶಿಫ್ಟ್ ಮಾಡಿದ್ದೀವಿ. ಇದಕ್ಕಿಂತ ಅದೇ ಚೆನ್ನಾಗಿದೆ ಸರ್. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಪ್ಲೀಸ್."

ಆ ಕಡೆಯಿಂದ ಬಂದ ಉತ್ತರ: "ಏನ್ರೀ ಇದು? ತಿಂಗಳ ಹಿಂದನ ಬುಕ್ ಮಾಡೀವಿ, ರೊಕ್ಕಾನೂ ಕೊಟ್ಟೀವಿ. ಅರಮನಿ ಹತ್ರ ಐತಿ ಅಂತನ ನಿಮ್ಮ ಹೋಟೆಲ್ ತಗೊಂಡೀವಿ. ನಮ್ಮ ಅವ್ವಗ ನಡಿಯಾಕ ಆಗಂಗಿಲ್ಲ. ಅಡ್ಜಸ್ಟ್ ಅಂದ್ರ ಹೆಂಗ್ರೀ?"

"ಸರ್, ದಯವಿಟ್ಟು ಸಮಾಧಾನ ಮಾಡ್ಕೊಳ್ಳಿ. ಇದು ನಮ್ಮ ಕೈಯಲ್ಲಿಲ್ಲ, ಸಿಸ್ಟಮ್‌ನಲ್ಲೇ ಹಾಗೆ ಬಂದಿದೆ."

ಅತಿಥಿ ಫೋನ್ ಇಟ್ಟರು.

ಯುವತಿಯ ದನಿಯಲ್ಲಿ ಎಲ್ಲಿಯೂ ಒರಟುತನವಿರಲಿಲ್ಲ. ನಾಲ್ಕು ಸಲ ಸರ್ ಎಂದಿದ್ದಳು, ಪ್ಲೀಸ್ ಎಂದಿದ್ದಳು. ಸಿಟ್ಟು ಬಂದದ್ದು ಮಾತಿನ ಕಟ್ಟಿನಿಂದ. ಅತಿಥಿಗೆ ದೊಡ್ಡದಾಗಿರುವುದನ್ನು ನಾವೇ "ಸಣ್ಣ ಪ್ರಾಬ್ಲಮ್" ಎಂದು ಅಳೆದುಕೊಟ್ಟರೆ, ಅದು ಎಷ್ಟು ದೊಡ್ಡದೆಂದು ತೋರಿಸಿಕೊಡುವ ಕೆಲಸ ಅವರ ಪಾಲಿಗೆ ಬರುತ್ತದೆ, ಮತ್ತು ಅದನ್ನು ತೋರಿಸಲು ದನಿ ಏರಿಸುವುದೊಂದೇ ದಾರಿ. "ಓವರ್‌ಬುಕಿಂಗ್ ಆಗಿದೆ" ಎಂಬುದರಲ್ಲಿ ಮಾಡಿದವರು ಯಾರೂ ಇಲ್ಲ, ಮಳೆ ಬಂದ ಹಾಗೆ ಅದು ತಾನಾಗಿ ಆಗಿದೆ. "ಶಿಫ್ಟ್ ಮಾಡಿದ್ದೀವಿ" ಎಂಬಲ್ಲಿ ಮಾತ್ರ ಮಾಡಿದವರು ಇದ್ದಾರೆ, ಅದೂ ಅತಿಥಿಯನ್ನು ಕೇಳದೆಯೇ ತೀರ್ಮಾನ ಮಾಡಿ ಮುಗಿಸಿದವರು. ತಪ್ಪಿಗೆ ಕರ್ತೃವಿಲ್ಲ, ಅತಿಥಿಯ ಮೇಲಿನ ತೀರ್ಮಾನಕ್ಕೆ ಕರ್ತೃವಿದ್ದಾನೆ. ಕೇಳುವವರ ಕಿವಿಗೆ ಈ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ.

"ನಮ್ಮ ಇನ್ನೊಂದು ಹೋಟೆಲ್" ಎಂಬುದು ಸುಳ್ಳು. ಮೊಬೈಲ್‌ನಲ್ಲಿ ಹೆಸರು ಹುಡುಕಿದ ಮರುಕ್ಷಣ ಗೊತ್ತಾಗುವ ಸುಳ್ಳು. "ಇದಕ್ಕಿಂತ ಅದೇ ಚೆನ್ನಾಗಿದೆ" ಎಂಬುದು ನಿಜವೇ ಆಗಿದ್ದರೂ ಇಲ್ಲಿ ಹೇಳುವ ಮಾತಲ್ಲ, ಏಕೆಂದರೆ ಒಳ್ಳೆಯದು ಯಾವುದೆಂಬುದನ್ನು ಅತಿಥಿ ತನ್ನ ಅಗತ್ಯ ನೋಡಿ ಅಳೆಯುತ್ತಾನೆ. ತಾಯಿಯನ್ನು ಅರಮನೆಯ ಬಾಗಿಲವರೆಗೆ ನಡೆಸಿಕೊಂಡು ಹೋಗಬೇಕಾದವರಿಗೆ ಯಾದವಗಿರಿಯ ಹೋಟೆಲ್‌ನ ಮೆತ್ತನೆಯ ಹಾಸಿಗೆ ಲೆಕ್ಕಕ್ಕೆ ಬರುವುದಿಲ್ಲ. ಇನ್ನು "ಅಡ್ಜಸ್ಟ್ ಮಾಡ್ಕೊಳ್ಳಿ". ಬಸ್ಸಿನ ಸೀಟಿನಲ್ಲಿ ಸ್ವಲ್ಪ ಸರಿದುಕೊಳ್ಳಿ ಎನ್ನುವಾಗ ನಡೆಯುವ ಈ ಮಾತು, ಹಣ ಪಡೆದುಕೊಂಡವರ ಬಾಯಲ್ಲಿ ಬಂದಾಗ ಹೊಂದಿಕೊಳ್ಳುವ ಹೊಣೆಯನ್ನು ಹಣ ಕೊಟ್ಟವರ ತಲೆಗೆ ಕಟ್ಟುತ್ತದೆ. "ಸಮಾಧಾನ ಮಾಡ್ಕೊಳ್ಳಿ" ಎಂಬುದೂ ಅದೇ ಜಾತಿಯದು: ನಿಮ್ಮ ಸಿಟ್ಟೇ ಈಗಿನ ಸಮಸ್ಯೆ ಎಂದಂತೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅವಳ ಗಮನ ತಪ್ಪಿಸಿಕೊಂಡಿತು. ಅತಿಥಿ ಬೈಯುತ್ತಲೇ ತಮ್ಮ ನಿಜವಾದ ಚಿಂತೆ ಏನೆಂದು ಹೇಳಿದ್ದರು: ಅರಮನೆ ಹತ್ತಿರವಿರಬೇಕು, ತಾಯಿಗೆ ನಡೆಯಲು ಆಗುವುದಿಲ್ಲ. ಸಿಟ್ಟಾದ ಗಿರಾಕಿಯ ಮೊದಲ ಮೂರು ವಾಕ್ಯಗಳಲ್ಲಿ ಪರಿಹಾರಕ್ಕೆ ಬೇಕಾದದ್ದು ಬಹುಮಟ್ಟಿಗೆ ಇದ್ದೇ ಇರುತ್ತದೆ. ಅದನ್ನು ಬರೆದುಕೊಳ್ಳಲು ಪೆನ್ನು ಹಿಡಿದಿರಬೇಕು. ಇಲ್ಲಿ ಅವಳಿಂದ ಒಂದು ಒಳ್ಳೆಯ ಕೆಲಸವೂ ಆಯಿತು: ಫೋನ್ ಇಟ್ಟ ಕೂಡಲೇ ಆ ವಾಕ್ಯಗಳನ್ನು ಇದ್ದ ಹಾಗೇ ಮ್ಯಾನೇಜರ್‌ಗೆ ಹೇಳಿದಳು, "ತುಂಬಾ ರೇಗಾಡಿದ್ರು" ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ.

ಎರಡನೆಯ ಕರೆ

ಇಪ್ಪತ್ತು ನಿಮಿಷದ ಮೇಲೆ ಮ್ಯಾನೇಜರ್ ತಾವೇ ಕರೆ ಮಾಡಿದರು. ಅಷ್ಟರಲ್ಲಿ ಅವರು ಇನ್ನೂ ಎರಡು ಕಡೆ ಮಾತಾಡಿ, ಮರುದಿನಕ್ಕೆ ಒಂದು ಕಾರು ಮತ್ತು ಚಾಲಕನನ್ನು ಗೊತ್ತುಮಾಡಿದ್ದರು, ನೆಲಮಹಡಿಯ ಮೀಟಿಂಗ್ ಕೋಣೆಯನ್ನು ಖಾಲಿ ಮಾಡಿಸಿ ಒಂದು ದಿವಾನ್ ಹಾಕಲು ಹೇಳಿದ್ದರು. ಅವರ ಮೊದಲ ಮಾತು: "ನಮಸ್ಕಾರ ಸರ್, ನಾನು ಹೋಟೆಲ್‌ನ ಡ್ಯೂಟಿ ಮ್ಯಾನೇಜರ್. ನೀವು ಗಾಡಿ ಓಡಿಸ್ತಿದ್ದೀರಾ? ಐದು ನಿಮಿಷ ಮಾತಾಡಬಹುದಾ, ಇಲ್ಲ ಎಲ್ಲಾದ್ರೂ ನಿಲ್ಲಿಸಿದಾಗ ನಾನೇ ಮಾಡ್ಲಾ?"

ಚನ್ನರಾಯಪಟ್ಟಣದಲ್ಲಿ ಚಹಾಕ್ಕೆ ನಿಂತಿದ್ದೇವೆ ಎಂದು ಅವರು ಸಿಟ್ಟಿನಲ್ಲೇ ಹೇಳಿದರು. ಮೈಸೂರಿಗೆ ಇನ್ನೂ ಎರಡು ಗಂಟೆಯ ದಾರಿ ಇತ್ತು. ಈ ಎರಡು ಗಂಟೆ ಹೋಟೆಲ್‌ಗೆ ಬಹಳ ಬೆಲೆಯುಳ್ಳದ್ದು, ಏಕೆಂದರೆ ಸುದ್ದಿ ಕೇಳಿದ ಮೇಲೆ ಗಂಡ ಹೆಂಡತಿ ಕಾರಿನಲ್ಲಿ ಮಾತಾಡಿಕೊಂಡು, ತಾಯಿಗೂ ಹೇಳಿ, ಒಂದು ತೀರ್ಮಾನಕ್ಕೆ ಬಂದು ತಲುಪಲು ಅವಕಾಶವಾಗುತ್ತದೆ. ಕೌಂಟರ್ ಮುಂದೆ ಆ ಅವಕಾಶವಿಲ್ಲ. ಅಲ್ಲಿ ಮನೆಯವರೆದುರು ಮುಖ ಉಳಿಸಿಕೊಳ್ಳಲಿಕ್ಕಾದರೂ ಜಗಳ ಆಡಲೇಬೇಕಾಗುತ್ತದೆ.

"ಸರ್, ನೀವು ದುಡ್ಡು ಕೊಟ್ಟು ಬುಕ್ ಮಾಡಿದ ರೂಮನ್ನ ಇವತ್ತು ರಾತ್ರಿ ನಿಮಗೆ ಕೊಡೋಕೆ ನಮ್ಮಿಂದ ಆಗ್ತಿಲ್ಲ. ಇರೋ ರೂಮಿಗಿಂತ ಒಂದು ಬುಕಿಂಗ್ ಹೆಚ್ಚಿಗೆ ನಾವೇ ತಗೊಂಡಿದ್ವಿ, ಅದರ ಮೇಲೆ ಬೆಳಿಗ್ಗೆ ಒಂದು ರೂಮಲ್ಲಿ ಪೈಪ್ ಒಡೆದು ಅದೂ ಹೋಯ್ತು. ತಪ್ಪು ನಮ್ಮದು, ಕ್ಷಮಿಸಿ. ಆಗ ನಮ್ಮ ಹುಡುಗಿ ಅದು ನಮ್ಮದೇ ಇನ್ನೊಂದು ಹೋಟೆಲ್ ಅಂದಿದ್ದಳು, ಹಾಗಲ್ಲ, ಅದು ಬೇರೆಯವರದು."

ಇಷ್ಟು ಹೇಳಿ ಅವರು ಸುಮ್ಮನಾದರು. ಕ್ಷಮಿಸಿ ಎಂದ ಉಸಿರಿನಲ್ಲೇ "ಆದ್ರೆ ಸರ್" ಎಂದು ಮುಂದುವರಿಸಿದರೆ ಕ್ಷಮೆ ಮುನ್ನುಡಿಯಾಗಿಬಿಡುತ್ತದೆ. ಪೈಪಿನ ಮೇಲೆ ಇಡೀ ತಪ್ಪನ್ನು ಹೊರಿಸುವ ಆಸೆ ಇಂಥ ಹೊತ್ತಿನಲ್ಲಿ ಯಾರಿಗೂ ಬರುತ್ತದೆ. ಪೈಪ್ ಒಡೆದದ್ದು ನಿಜವೂ ಹೌದು. ಆದರೆ ಒಂದು ಕೋಣೆ ಹೋದದ್ದಕ್ಕೆ ಇಬ್ಬರನ್ನು ಏಕೆ ಕಳುಹಿಸುತ್ತಿದ್ದೀರಿ ಎಂದು ಯಾರಾದರೂ ಲೆಕ್ಕ ಕೇಳಿದರೆ ಆ ಕಥೆ ನಿಲ್ಲುವುದಿಲ್ಲ. ಹೆಚ್ಚು ಬುಕಿಂಗ್ ತೆಗೆದುಕೊಂಡಿದ್ದೆವು ಎಂಬುದನ್ನು ಮೊದಲು ಹೇಳಿ, ಪೈಪಿನ ಮಾತನ್ನು ಅದರ ಬಾಲಕ್ಕೆ ಕಟ್ಟಿದ ಕ್ರಮ ಸರಿಯಾಗಿತ್ತು.

ಅತಿಥಿ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮಾತಾಡಿದರು. ಮ್ಯಾನೇಜರ್ ನಡುವೆ ಬಾಯಿ ಹಾಕಲಿಲ್ಲ. ಅವರು ಕೇಳಿದ್ದರಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, "ಉಳದವ್ರಿಗೆಲ್ಲಾ ಕೊಟ್ಟು ನಮಗಷ್ಟ ಇಲ್ಲ ಅಂತೀರಲ್ಲ, ಯಾಕ?" ಎಂಬುದು. ಈ ಪ್ರಶ್ನೆಗೆ ತಯಾರಿಲ್ಲದವರು "ಹಾಗೇನಿಲ್ಲ ಸರ್" ಎಂದು ತೊದಲುತ್ತಾರೆ, ಇಲ್ಲವೇ "ನೀವು ಸೈಟ್ ಮೂಲಕ ಬುಕ್ ಮಾಡಿದ್ರಲ್ವಾ" ಎಂದು ಅತಿಥಿಯ ಬುಕಿಂಗೇ ಕೆಳದರ್ಜೆಯದೆಂಬ ಅರ್ಥ ಬರುವಂತೆ ಮಾತಾಡುತ್ತಾರೆ. ಮ್ಯಾನೇಜರ್ ಉತ್ತರ: "ಬಂದು ಸೇರಿದವರನ್ನ ಎಬ್ಬಿಸೋಕಾಗಲ್ಲ ಸರ್. ಇನ್ನೂ ಬರಬೇಕಾದವರು ಕೆಲವರೇ ಇದ್ರು, ಅವರಲ್ಲಿ ನೀವಿದ್ರಿ. ನಿಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ." ಇದು ನಿಜ, ಇನ್ನೊಬ್ಬ ಅತಿಥಿಯ ವಿಷಯವನ್ನು ಇದು ಬಯಲು ಮಾಡುವುದಿಲ್ಲ, ಮತ್ತು ಅತಿಥಿಯನ್ನು ಕಡೆಗಣಿಸಿ ಆರಿಸಲಾಗಿದೆ ಎಂಬ ಅನುಮಾನಕ್ಕೆ ಎಡೆ ಕೊಡುವುದಿಲ್ಲ.

ಆಮೇಲೆ ಅವರು ಕೋಣೆಯ ಮಾತನ್ನಾಗಲಿ ಹಣದ ಮಾತನ್ನಾಗಲಿ ಎತ್ತದೆ ಮೊದಲು ಮರುದಿನದ ವಿಷಯ ತೆಗೆದರು. "ಅಮ್ಮನಿಗೆ ನಡೆಯೋಕೆ ಕಷ್ಟ ಅಂದ್ರಿ. ನಾಳೆ ಮೆರವಣಿಗೆಗೆ ಟಿಕೆಟ್ ತಗೊಂಡಿದ್ದೀರಾ?" ಅರಮನೆ ಆವರಣದ ಟಿಕೆಟ್ ಇತ್ತು. ಜಂಬೂಸವಾರಿಯ ದಿನ ಅರಮನೆಯ ಸುತ್ತಲಿನ ರಸ್ತೆಗಳಲ್ಲೂ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆಯಲ್ಲೂ ವಾಹನ ಬಿಡುವುದಿಲ್ಲವಾದ್ದರಿಂದ, ಮೂರು ಕಿಲೋಮೀಟರ್ ಎಂಬುದು ಆ ತಾಯಿಗೆ ಹೋಗಲಾಗದ ದೂರ. ಅತಿಥಿಯ ಸಿಟ್ಟಿನ ತಿರುಳು ಇದೇ ಆಗಿತ್ತು.

"ಹಾಗಾದ್ರೆ ಹೀಗೆ ಮಾಡೋಣ ಸರ್, ನಿಮಗೆ ಒಪ್ಪಿಗೆಯಾದ್ರೆ. ಇವತ್ತು ರಾತ್ರಿ ಯಾದವಗಿರಿ ಹೋಟೆಲ್‌ನಲ್ಲಿ ನೆಲಮಹಡಿ ರೂಮ್ ಇದೆ, ಮೆಟ್ಟಿಲಿಲ್ಲ, ಎಕ್ಸ್‌ಟ್ರಾ ಬೆಡ್ ಹಾಕಿಸಿದ್ದೀವಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ರಸ್ತೆ ಮುಚ್ಚೋ ಮುಂಚೆ, ನಮ್ಮ ಕಾರು ನಿಮ್ಮನ್ನ ನಮ್ಮ ಹೋಟೆಲ್‌ಗೆ ಕರ್ಕೊಂಡು ಬರುತ್ತೆ. ನೆಲಮಹಡಿಲೇ ಒಂದು ಕೋಣೆ ನಿಮಗೆ ಅಂತ ಇಟ್ಟಿದ್ದೀವಿ, ಅಮ್ಮ ಮಲಗಬಹುದು, ಊಟ ಇಲ್ಲೇ. ಇಲ್ಲಿಂದ ಅರಮನೆ ಗೇಟ್‌ವರೆಗೆ ವೀಲ್‌ಚೇರ್‌ನಲ್ಲಿ ನಮ್ಮ ಹುಡುಗ ಬರ್ತಾನೆ. ವಾಪಸ್ ಹೋಗೋದು ಮಾತ್ರ ರಸ್ತೆ ಬಿಟ್ಟ ಮೇಲೆ. ಎಷ್ಟು ಹೊತ್ತಾಗುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ. ಅಲ್ಲಿವರೆಗೆ ಆ ಕೋಣೆ ನಿಮ್ಮದೇ."

ಕೊನೆಯ ಎರಡು ವಾಕ್ಯಗಳನ್ನು ನಾನು ತರಬೇತಿಯಲ್ಲಿ ಗೆರೆ ಎಳೆದು ತೋರಿಸುತ್ತೇನೆ. ಎಲ್ಲವೂ ಸಲೀಸು ಎಂದು ಹೇಳಿ ಮರುರಾತ್ರಿ ಕಾರು ತಡವಾಗಿದ್ದರೆ, ಸಂಜೆಯಿಡೀ ಗಳಿಸಿದ ವಿಶ್ವಾಸ ಅಲ್ಲಿಗೆ ಮುಗಿಯುತ್ತಿತ್ತು. ಕೈಯಲ್ಲಿಲ್ಲದ ಒಂದು ಸಂಗತಿಯನ್ನು ಕೈಯಲ್ಲಿಲ್ಲ ಎಂದದ್ದರಿಂದ ಉಳಿದ ಮಾತುಗಳಿಗೂ ತೂಕ ಬಂತು. "ನಮ್ಮ ಕೈಯಲ್ಲಿಲ್ಲ" ಎಂಬುದನ್ನೇ ಯುವತಿಯೂ ಹೇಳಿದ್ದಳಲ್ಲ ಎಂದು ಕೆಲವರು ಕೇಳುತ್ತಾರೆ. ಅವಳು ಹೋಟೆಲ್ ತಾನೇ ಮಾಡಿದ್ದನ್ನು ಕೈಯಲ್ಲಿಲ್ಲ ಎಂದಿದ್ದಳು. ಇವರು ಪೊಲೀಸರು ಯಾವಾಗ ರಸ್ತೆ ತೆರೆಯುತ್ತಾರೆ ಎಂಬುದನ್ನು ಕೈಯಲ್ಲಿಲ್ಲ ಎಂದರು.

ಹಣದ ಮಾತು ಇದಾದ ಮೇಲೆ ಬಂತು, ಅದೂ ಒಂದೇ ಸಲ, ಅಂಕಿಗಳ ಸಮೇತ. "ಅಲ್ಲಿ ರೂಮಿಗೆ ನೀವು ಒಂದು ರೂಪಾಯಿನೂ ಕೊಡಬೇಕಿಲ್ಲ. ಇವತ್ತಿನ ರಾತ್ರಿಗೆ ನೀವು ಕೊಟ್ಟಿರೋ 4,800 ವಾಪಸ್ ಕೊಡ್ತೀವಿ. ನಾಳೆ ರಾತ್ರಿ ಇಲ್ಲಿಗೆ ಬರ್ತೀರೋ, ಸಾಮಾನು ಎತ್ತಿಕೊಂಡು ಓಡಾಡೋದು ಬೇಡ ಅಂತ ಅಲ್ಲೇ ಇರ್ತೀರೋ, ನಿಮ್ಮಿಷ್ಟ. ನಾಳೆ ಬೆಳಿಗ್ಗೆ ಹೇಳಿದ್ರೆ ಸಾಕು. ಅಲ್ಲೇ ಇದ್ರೂ ಹೆಚ್ಚಿನ ದುಡ್ಡು ನಮ್ಮದೇ." ಹಣವನ್ನು ಮೊದಲು ಎತ್ತಿದ್ದರೆ ಬಾಯಿ ಮುಚ್ಚಿಸಲು ಬಂದವರಂತೆ ಕೇಳುತ್ತಿತ್ತು. ಚೌಕಾಸಿಗೆ ಕೂತು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಹೋಗಿದ್ದರೆ, ಹೆಚ್ಚು ಕೂಗಿದರೆ ಹೆಚ್ಚು ಸಿಗುತ್ತದೆ ಎಂದು ಹೋಟೆಲ್ಲೇ ಕಲಿಸಿಕೊಟ್ಟಂತಾಗುತ್ತಿತ್ತು.

ಅತಿಥಿ ಇಲ್ಲಿ ಒಂದು ಮಾತು ಕೇಳಿದರು: ವಿಮಾನದಲ್ಲಿ ಹೀಗೆ ಮಾಡಿದರೆ ಪರಿಹಾರ ಕೊಡಬೇಕೆಂಬ ನಿಯಮವಿದೆ, ನಿಮಗಿಲ್ಲವೇ? ಕೇಳಿದ್ದು ಸರಿಯೇ. ನಮ್ಮ ದೇಶದಲ್ಲಿ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳದ ವಿಮಾನ ಕಂಪನಿ ಏನು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಇದೆ. ಹೋಟೆಲ್‌ಗಳಿಗೆ ಅಂಥ ನಿಗದಿತ ಪಟ್ಟಿಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ದೂರು ಕೊಡುವ ದಾರಿಯಿದೆ. ಹೀಗಿರುವಾಗ "ನಿಯಮದ ಪ್ರಕಾರ ಇಷ್ಟೇ ಸರ್" ಎಂಬ ಮಾತು ಹೋಟೆಲ್‌ನವರ ಬಾಯಲ್ಲಿ ಪೊಳ್ಳು. ಮ್ಯಾನೇಜರ್ ನಿಯಮದ ಹೆಸರೆತ್ತದೆ, "ಪಟ್ಟಿ ಅಂತ ಏನೂ ಇಲ್ಲ ಸರ್, ನಾವು ಇಷ್ಟು ಮಾಡ್ತೀವಿ ಅಂತ ಹೇಳ್ತಿದ್ದೀನಿ, ಬರೆದೂ ಕಳಿಸ್ತೀನಿ" ಎಂದರು.

ಬಿಟ್ಟುಹೋಗುವ ದಾರಿಯನ್ನು ಅವರು ಎಲ್ಲಕ್ಕಿಂತ ಕೊನೆಯಲ್ಲಿ ಹೇಳಿದರು: "ಇದ್ಯಾವುದೂ ಬೇಡ ಅನ್ನಿಸಿದ್ರೆ ಪೂರ್ತಿ 9,600 ವಾಪಸ್ ಕೊಡ್ತೀವಿ. ಆದ್ರೆ ಇವತ್ತು ಊರಲ್ಲಿ ರೂಮ್ ಸಿಗೋದು ಕಷ್ಟ, ಅದಕ್ಕೇ ಮೊದಲು ಇದನ್ನ ಹೇಳಿದೆ." ಈ ಮಾತು ಮೊದಲೇ ಬಂದಿದ್ದರೆ ಹೊರಗೆ ತಳ್ಳಿದಂತೆ, ಬಾರದೇ ಹೋಗಿದ್ದರೆ ಕಟ್ಟಿಹಾಕಿದಂತೆ ಆಗುತ್ತಿತ್ತು. ಮನೆಯವರೊಂದಿಗೆ ಮಾತಾಡಿ ಹೇಳುತ್ತೇನೆ ಎಂದು ಅತಿಥಿ ಫೋನ್ ಇಟ್ಟರು. ಐದೂಕಾಲಿಗೆ ಅವರೇ ಕರೆ ಮಾಡಿ ಒಪ್ಪಿದರು.

ಆ ಮಧ್ಯೆ ಹೋದ ವಾಟ್ಸ್‌ಆ್ಯಪ್ ಸಂದೇಶ ಹೀಗಿತ್ತು: "ನಮಸ್ಕಾರ. ನೀವು ಬುಕ್ ಮಾಡಿದ ಕೋಣೆಯನ್ನು ಇಂದು ಕೊಡಲು ನಮ್ಮಿಂದ ಆಗಿಲ್ಲ, ಕ್ಷಮಿಸಿ. ಯಾದವಗಿರಿ ಹೋಟೆಲ್‌ನ ನೆಲಮಹಡಿಯ ಕೋಣೆ ರಾತ್ರಿ 10ರವರೆಗೆ ನಿಮ್ಮ ಹೆಸರಿನಲ್ಲಿರುತ್ತದೆ, ಲೊಕೇಶನ್ ಕೆಳಗಿದೆ. ಅಲ್ಲಿನ ಕೋಣೆಯ ಬಾಡಿಗೆ ಮತ್ತು ತಿಂಡಿಯ ಖರ್ಚು ನಮ್ಮದು. ನಾಳೆ ಬೆಳಿಗ್ಗೆ 9ಕ್ಕೆ ಕಾರು ಬರುತ್ತದೆ. 4,800 ರೂ. ಹಿಂದಿರುಗಿಸುತ್ತೇವೆ. ಏನೇ ಇದ್ದರೂ ಈ ನಂಬರಿಗೆ ನೇರವಾಗಿ ನನಗೆ ಕರೆ ಮಾಡಿ." ಫೋನ್‌ನಲ್ಲಿ ಹೇಳಿದ್ದಕ್ಕೆ ವಿರುದ್ಧವಾದದ್ದು ಇದರಲ್ಲಿ ಒಂದೂ ಇಲ್ಲ. ನಿಮಗಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ ಎಂಬ ಅಚ್ಚಿನ ವಾಕ್ಯ ಅದರಲ್ಲಿ ಇರಲಿಲ್ಲ. ರೈಲ್ವೆ ನಿಲ್ದಾಣದ ಮೈಕಿನಲ್ಲಿ ಕೇಳಿ ಕೇಳಿ ಆ ವಾಕ್ಯದ ಅರ್ಥ ಸವೆದುಹೋಗಿದೆ.

ಯಾದವಗಿರಿಯ ಕೌಂಟರ್

ಹೋಟೆಲ್‌ನವರು ಸಾಮಾನ್ಯವಾಗಿ ಇಲ್ಲಿಗೆ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಾರೆ. ಎರಡನೆಯ ಹೋಟೆಲ್‌ನ ಕೌಂಟರ್‌ನಲ್ಲಿ ಒಂದು ಮಾತು ತಪ್ಪಿದರೆ ಇಷ್ಟು ಹೊತ್ತು ಕಟ್ಟಿದ್ದೆಲ್ಲ ಕುಸಿಯುತ್ತದೆ. ಮ್ಯಾನೇಜರ್ ಕುಟುಂಬವನ್ನು ತಮ್ಮ ಹೋಟೆಲ್‌ಗೆ ಕರೆಸದೆ ನೇರವಾಗಿ ಯಾದವಗಿರಿಗೆ ಹೋಗುವಂತೆ ಹೇಳಿ, ಅಲ್ಲಿಗೆ ತಮ್ಮ ಹಿರಿಯ ಸಹಾಯಕನೊಬ್ಬನನ್ನು ಮೊದಲೇ ಕಳುಹಿಸಿದ್ದರು. ಏಳು ಗಂಟೆಗೆ ಕಾರು ಬಂದಾಗ ಆತ ಬಾಗಿಲಲ್ಲೇ ನಿಂತಿದ್ದ, ವಯಸ್ಸಾದ ತಾಯಿಗೆ "ಬನ್ನಿ ಅಮ್ಮ, ಇಲ್ಲಿ ಮೆಟ್ಟಿಲಿಲ್ಲ" ಎಂದ, ರಿಜಿಸ್ಟರ್‌ನಲ್ಲಿ ತುಂಬಬೇಕಾದ್ದನ್ನೆಲ್ಲ ಮೊದಲೇ ತುಂಬಿಸಿ ಸಹಿಗೂ ಗುರುತಿನ ಚೀಟಿಗೂ ಮಾತ್ರ ಜಾಗ ಬಿಡಿಸಿದ್ದ.

ಆದರೂ ಒಂದು ಎಡವಟ್ಟು ಆಗಿಯೇ ಆಯಿತು. ಕೌಂಟರ್‌ನಲ್ಲಿದ್ದ ಹುಡುಗ ಅಭ್ಯಾಸಬಲದಿಂದ 2,000 ರೂಪಾಯಿ ಡಿಪಾಸಿಟ್ ಕೇಳಿದ. ಬಿಲ್ ಯಾರಿಗೆ ಎಂಬ ಇಮೇಲ್ ಅಕೌಂಟ್ಸ್ ವಿಭಾಗದಲ್ಲಿ ಉಳಿದಿತ್ತು, ಕೌಂಟರ್‌ಗೆ ಬಂದಿರಲಿಲ್ಲ. ಧಾರವಾಡದ ಅತಿಥಿಯ ಹುಬ್ಬು ಮೇಲೇರಿತು. ಸಹಾಯಕ ಅವರಿಗೆ ಏನೂ ವಿವರಿಸಲು ಹೋಗದೆ, "ಅದು ನಂದು" ಎಂದು ತನ್ನ ಹೋಟೆಲ್‌ನ ಕಾರ್ಡ್ ಕೊಟ್ಟ. ಡಿಪಾಸಿಟ್ ಬೇಡಿಕೆ ಇಂಥ ಪ್ರಕರಣಗಳಲ್ಲಿ ಎಷ್ಟು ಸಾಮಾನ್ಯವೆಂದರೆ, "ಅಲ್ಲಿ ಒಂದು ರೂಪಾಯಿನೂ ಕೊಡಬೇಕಿಲ್ಲ" ಎಂಬ ಭರವಸೆ ಕೊಡುವ ಮುನ್ನ ಅಲ್ಲಿನ ರಾತ್ರಿ ಪಾಳಿಯವರ ಬಾಯಿಂದಲೇ ಅದನ್ನು ಕೇಳಿಸಿಕೊಳ್ಳಬೇಕು. ಆ ಹೋಟೆಲ್‌ನವರಿಗೆ ಇನ್ನೊಂದು ಮಾತನ್ನೂ ಮೊದಲೇ ಹೇಳಿಡಲಾಗಿತ್ತು: ಬಂದವರನ್ನು "ಅವರು ಕಳಿಸಿದವರಾ?" ಎಂದು ಕೇಳಬಾರದು, ಹೆಸರು ಹಿಡಿದು ಸ್ವಾಗತಿಸಬೇಕು. ಅದು ಸರಿಯಾಗಿ ನಡೆಯಿತು.

ಮರುದಿನ ಕಾರು ಒಂಬತ್ತಕ್ಕೇ ಹೋಯಿತು. ತಾಯಿ ವೀಲ್‌ಚೇರ್ ಬೇಡವೆಂದು ಮೊದಲು ಹಟ ಹಿಡಿದು, ಸ್ವಲ್ಪ ದೂರ ನಡೆದ ಮೇಲೆ ಕುಳಿತರು. ರಾತ್ರಿ ವಾಪಸಾಗಲು ನಿಜಕ್ಕೂ ತಡವಾಯಿತು. ಮೊದಲೇ ಹೇಳಿದ್ದರಿಂದ ಯಾರೂ ಅದನ್ನು ಎತ್ತಲಿಲ್ಲ. ಎರಡನೆಯ ರಾತ್ರಿಯೂ ಅವರು ಯಾದವಗಿರಿಯಲ್ಲೇ ಉಳಿದರು. ಹೋಟೆಲ್‌ಗೆ ಈ ಒಂದು ಕುಟುಂಬದಿಂದಾದ ಲೆಕ್ಕ ನೋಡಿ: ಯಾದವಗಿರಿಗೆ ಕೊಟ್ಟದ್ದು 13,000, ಅತಿಥಿಯಿಂದ ಉಳಿಸಿಕೊಂಡದ್ದು 4,800, ಅದರಲ್ಲೂ ಸೈಟ್‌ನ ಕಮಿಷನ್ ಹೋಗುತ್ತದೆ, ಕಾರಿನ ಬಾಡಿಗೆ ಬೇರೆ. ಒಂದು ಬುಕಿಂಗ್ ಹೆಚ್ಚಿಗೆ ತೆಗೆದುಕೊಂಡು ಗಳಿಸಲು ಹೊರಟದ್ದು ರಾತ್ರಿಗೆ 4,800.

ಹೊರಡುವ ಬೆಳಿಗ್ಗೆ ಮ್ಯಾನೇಜರ್ ಕರೆ ಮಾಡಿ ವಿಚಾರಿಸಿದಾಗ ಅತಿಥಿ ಹೊಗಳಲಿಲ್ಲ, ಬೈಯಲೂ ಇಲ್ಲ. ಅವರ ಒಂದು ದೂರು ಹಾಗೇ ಉಳಿದಿತ್ತು: "ಪೈಪ್ ಒಡದದ್ದು ಮುಂಜಾನೆ ಅಂತ ನೀವ ಹೇಳಿದ್ರಿ. ಅವಾಗನ ಫೋನ್ ಮಾಡಿದ್ರ ನಾವು ಚಿತ್ರದುರ್ಗದಾಗ ಉಳದು ಮರುದಿನ ಬರ್ತಿದ್ವಿ. ನಾಕೂವರಿಗೆ ಹೇಳಿದ್ರ ಏನ್ ಮಾಡಬೇಕ್ರೀ?" ಇದಕ್ಕೆ ಮಾತಿನಲ್ಲಿ ಉತ್ತರವಿಲ್ಲ. ಮ್ಯಾನೇಜರ್ ಕೂಡ ಉತ್ತರ ಹುಡುಕದೆ "ಹೌದು ಸರ್, ಹನ್ನೊಂದಕ್ಕೇ ಮಾಡಬೇಕಿತ್ತು" ಎಂದರು. ಹನ್ನೊಂದಕ್ಕೆ ಕರೆ ಮಾಡಿದ್ದರೆ ಇಷ್ಟೊಂದು ಎಚ್ಚರದ ಮಾತುಗಳ ಅಗತ್ಯ ಅರ್ಧಕ್ಕರ್ಧ ಇರುತ್ತಿರಲಿಲ್ಲ. ಯಾರಾದರೂ ಬುಕಿಂಗ್ ರದ್ದು ಮಾಡಿಯಾರು ಎಂದು ಕಾಯುತ್ತಾ ಕುಳಿತ ಆ ನಾಲ್ಕು ಗಂಟೆಗಳನ್ನು ಹೋಟೆಲ್ ಅತಿಥಿಯ ಪ್ರಯಾಣದಿಂದ ಕಿತ್ತುಕೊಂಡಿತ್ತು.

4,800 ರೂಪಾಯಿ ಮರಳಿಸುವುದರಲ್ಲೂ ಒಂದು ತೊಡಕಿತ್ತು. ಹಣ ಬುಕಿಂಗ್ ಸೈಟ್ ಮೂಲಕ ಬಂದದ್ದರಿಂದ ಅದೇ ದಾರಿಯಲ್ಲಿ ಹಿಂದಿರುಗಬೇಕಾದರೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಹೋಟೆಲ್‌ನ ಹಿಡಿತದಲ್ಲಿರಲಿಲ್ಲ. "ಎರಡು ಮೂರು ದಿನದಲ್ಲಿ ಬರುತ್ತೆ ಸರ್" ಎನ್ನುವುದು ಇಂಥಲ್ಲಿ ನಾಲಿಗೆಯ ತುದಿಯಲ್ಲೇ ಇರುವ ಮಾತು, ಎರಡನೆಯ ಜಗಳದ ಬೀಜವೂ ಅದೇ. ಮ್ಯಾನೇಜರ್ ಮಾಲೀಕರ ಒಪ್ಪಿಗೆ ಪಡೆದು, ಸೈಟ್‌ನ ಲೆಕ್ಕವನ್ನು ತಾವು ಆಮೇಲೆ ಸರಿಪಡಿಸಿಕೊಳ್ಳುವುದೆಂದು ತೀರ್ಮಾನಿಸಿ, ಅತಿಥಿ ಫೋನ್‌ನಲ್ಲಿರುವಾಗಲೇ ಹೋಟೆಲ್ ಖಾತೆಯಿಂದ ಯುಪಿಐ ಮೂಲಕ ಹಣ ಕಳುಹಿಸಿ, "ಬಂತಾ ನೋಡಿ ಸರ್" ಎಂದು ಕೇಳಿ, ಬಂತು ಎಂದ ಮೇಲೆ ಫೋನ್ ಇಟ್ಟರು.